0.1030ರ ಕೊನೆಯ ಸೊನ್ನೆ: ಟೈಟ್ರೇಷನ್ ರೀಡಿಂಗ್‌ನಿಂದ ಮೋಲಾರಿಟಿಯವರೆಗೆ

(ಶಿವಮೊಗ್ಗದಲ್ಲಿ ಪದವಿಪೂರ್ವ ಮತ್ತು ಬಿ.ಎಸ್ಸಿ. ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಪ್ರಯೋಗಾಲಯದಲ್ಲಿ ನಾನು ಪಾಠ ಮಾಡಿದ ವರ್ಷಗಳಲ್ಲಿ ಅತಿ ಹೆಚ್ಚು ಸಲ ಕೆಂಪು ಶಾಯಿಯಲ್ಲಿ ತಿದ್ದಿದ್ದು ಯಾವುದನ್ನು ಎಂದು ಯಾರಾದರೂ ಕೇಳಿದರೆ, ಸಮೀಕರಣವನ್ನೂ ಅಲ್ಲ, ಸೂತ್ರವನ್ನೂ ಅಲ್ಲ, ಕೊನೆಯ ಸಾಲಿನ ಉತ್ತರವನ್ನು ಎಂದೇ ಹೇಳಬೇಕಾಗುತ್ತದೆ. ಒಂದೇ ಬೆಂಚಿನಲ್ಲಿ ನಿಂತು, ಒಂದೇ ದ್ರಾವಣ ಬಳಸಿ, ಒಂದೇ ರೀಡಿಂಗ್ ಪಡೆದ ನಾಲ್ವರ ಅಬ್ಸರ್ವೇಷನ್ ಪುಸ್ತಕಗಳಲ್ಲಿ ನಾಲ್ಕು ಬೇರೆ ಬೇರೆ ಉತ್ತರಗಳಿರುತ್ತವೆ. ಒಬ್ಬರು ಕ್ಯಾಲ್ಕುಲೇಟರ್ ತೋರಿಸಿದ 0.102974875 ಎಂಬುದನ್ನು ಹಾಗೆಯೇ ಇಳಿಸಿಕೊಂಡಿರುತ್ತಾರೆ, ಇನ್ನೊಬ್ಬರು 0.103 ಎಂದು ಬರೆದಿರುತ್ತಾರೆ, ಮತ್ತೊಬ್ಬರು 0.10 ಎಂದು, ಮಗದೊಬ್ಬರು 0.1030 ಎಂದು. ಲೆಕ್ಕ ಎಲ್ಲರದೂ ಸರಿಯೇ. ಆದರೆ ಈ ನಾಲ್ಕು ಸಂಖ್ಯೆಗಳು ಓದುವವನಿಗೆ ಹೇಳುವುದು ನಾಲ್ಕು ಬೇರೆ ಸಂಗತಿಗಳನ್ನು, ಮತ್ತು ಅವುಗಳಲ್ಲಿ ಒಂದು ಮಾತ್ರ ಆ ದಿನ ಆ ಬೆಂಚಿನ ಮೇಲೆ ನಿಜವಾಗಿ ನಡೆದದ್ದನ್ನು ಹೇಳುತ್ತದೆ. ಇವತ್ತಿನ ನನ್ನ ಮಾತೆಲ್ಲ ಆ ನಾಲ್ಕನೆಯ ಉತ್ತರದ ಕೊನೆಯ ಸೊನ್ನೆಯನ್ನು ಕುರಿತದ್ದು.

ಉದಾಹರಣೆಯಾಗಿ ನಿಮಗೆಲ್ಲ ಪರಿಚಯವಿರುವ ಪ್ರಯೋಗವನ್ನೇ ತೆಗೆದುಕೊಳ್ಳುತ್ತೇನೆ: ಆಕ್ಸಾಲಿಕ್ ಆಮ್ಲದ ಸ್ಟ್ಯಾಂಡರ್ಡ್ ದ್ರಾವಣ ಬಳಸಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಮೋಲಾರಿಟಿ ಕಂಡುಹಿಡಿಯುವುದು. ಸೋಡಿಯಂ ಹೈಡ್ರಾಕ್ಸೈಡನ್ನು ನೇರವಾಗಿ ತೂಗಿ, ನೀರಿಗೆ ಹಾಕಿ, ಮೋಲಾರಿಟಿ ಇಷ್ಟು ಎಂದು ಬರೆದುಬಿಡಬಾರದೇಕೆ ಎಂಬ ಪ್ರಶ್ನೆಗೆ ಮಲೆನಾಡಿನವರಿಗೆ ಪಠ್ಯಪುಸ್ತಕದ ಉತ್ತರವೇ ಬೇಕಾಗಿಲ್ಲ. ಜುಲೈ ತಿಂಗಳಲ್ಲಿ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಕಡೆ ಇರಲಿ, ಇಲ್ಲಿ ತೀರ್ಥಹಳ್ಳಿ ರಸ್ತೆಯ ಯಾವುದಾದರೂ ಕಾಲೇಜಿನಲ್ಲೇ ಇರಲಿ, ಸೋಡಿಯಂ ಹೈಡ್ರಾಕ್ಸೈಡ್ ಬಾಟಲಿಯ ಮುಚ್ಚಳ ತೆಗೆದು ನಾಲ್ಕು ಬಿಲ್ಲೆಗಳನ್ನು ವಾಚ್ ಗ್ಲಾಸಿನ ಮೇಲೆ ಇಟ್ಟು ನೋಡಿ. ನೋಡನೋಡುತ್ತಿದ್ದಂತೆ ಬಿಲ್ಲೆಗಳ ಮೈ ಬೆವರಿದಂತೆ ಹೊಳೆಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಅವು ಗಾಜಿಗೆ ಅಂಟಿಕೊಳ್ಳುತ್ತವೆ, ಅಷ್ಟರಲ್ಲಿ ತಕ್ಕಡಿಯ ಕೊನೆಯ ಅಂಕಿ ನಿಲ್ಲದೆ ಏರುತ್ತಲೇ ಇರುತ್ತದೆ. ತೇವಾಂಶದ ಜೊತೆಗೆ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಅದು ಹೀರಿಕೊಂಡು ಮೇಲ್ಮೈಯಲ್ಲಿ ಕಾರ್ಬೊನೇಟ್ ಆಗುತ್ತದೆ. ನಾವು ತೂಗಿದ 4 ಗ್ರಾಂನಲ್ಲಿ ನಿಜವಾದ ಸೋಡಿಯಂ ಹೈಡ್ರಾಕ್ಸೈಡ್ ಎಷ್ಟು ಎಂಬುದು ಹೀಗೆ ತೂಕದಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಸುಮಾರು 4 ಗ್ರಾಂ ತೂಗಿ, ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಒಂದು ಲೀಟರ್ ಮಾಡಿ, ‘ಸುಮಾರು 0.1 M’ ಎಂದು ಚೀಟಿ ಅಂಟಿಸುತ್ತೇವೆ. ಈ ‘ಸುಮಾರು’ ಎಂಬ ಮಾತನ್ನು ತೆಗೆದುಹಾಕುವುದಕ್ಕೇ ಟೈಟ್ರೇಷನ್ ಮಾಡುವುದು.

ಆಕ್ಸಾಲಿಕ್ ಆಮ್ಲದ ಸ್ವಭಾವ ಇದಕ್ಕೆ ವಿರುದ್ಧ. ಅದು ಎರಡು ನೀರಿನ ಅಣುಗಳನ್ನು ತನ್ನ ಹರಳಿನೊಳಗೆ ಇಟ್ಟುಕೊಂಡು, H₂C₂O₄·2H₂O ಎಂಬ ರೂಪದಲ್ಲಿ ಸ್ಥಿರವಾಗಿರುತ್ತದೆ. ಬಾಟಲಿಯ ಲೇಬಲ್ ಮೇಲೆ ಅದರ ಮೋಲಾರ್ ದ್ರವ್ಯರಾಶಿ 126.07 ಎಂದು ಮುದ್ರಿಸಿರುತ್ತದೆ. ನಮ್ಮ ಉದಾಹರಣೆಯಲ್ಲಿ ತೂಗಿದ ಆಮ್ಲ 1.5784 ಗ್ರಾಂ ಎಂದಿಟ್ಟುಕೊಳ್ಳೋಣ. ಅದನ್ನು ಕರಗಿಸಿ 250 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕಿನಲ್ಲಿ ಗೆರೆಯವರೆಗೆ ನೀರು ತುಂಬಿ, ಚೆನ್ನಾಗಿ ತಲೆಕೆಳಗು ಮಾಡಿ ಬೆರೆಸಿದ್ದೇವೆ.

ಇಲ್ಲಿಯೇ ಸಾರ್ಥಕ ಅಂಕಿಗಳ ಮೊದಲ ತೊಡಕು ಎದುರಾಗುತ್ತದೆ. ಫ್ಲಾಸ್ಕಿನ ಮೇಲೆ ‘250’ ಎಂದಷ್ಟೇ ಬರೆದಿರುತ್ತದೆ, ಪಿಪೆಟ್ ಮೇಲೆ ‘25’ ಎಂದಷ್ಟೇ. 25ರಲ್ಲಿ ಇರುವುದು ಎರಡೇ ಅಂಕಿ, ಆದ್ದರಿಂದ ಉತ್ತರದಲ್ಲೂ ಎರಡೇ ಅಂಕಿ ಇರಬೇಕು ಎಂದು ತರ್ಕಿಸಿ ಒಬ್ಬ ವಿದ್ಯಾರ್ಥಿ 0.10 ಎಂದು ಬರೆಯುತ್ತಾನೆ. ನಿಯಮವನ್ನು ಆತ ನಿಷ್ಠೆಯಿಂದಲೇ ಪಾಲಿಸಿದ್ದಾನೆ, ಆದರೆ ಗಾಜಿನ ಮೇಲೆ ಅಚ್ಚಾದ ಅಂಕಿಯನ್ನು ಅಳತೆ ಎಂದುಕೊಂಡಿದ್ದಾನೆ. ಪಿಪೆಟ್ ಮೇಲಿನ 25 ಎಂಬುದು ಆ ಪಾತ್ರೆಯ ಹೆಸರು. ಅದು ಎಷ್ಟು ನಿಖರವಾಗಿ ಅಳೆಯುತ್ತದೆ ಎಂಬುದನ್ನು ಹೇಳುವುದು ಅದರ ಸಹನಾ ಮಿತಿ, ಅಂದರೆ ತಯಾರಕರು ಒಪ್ಪಿಕೊಂಡಿರುವ ಹೆಚ್ಚುಕಡಿಮೆ. 25 ಮಿ.ಲೀ.ನ ಎ ದರ್ಜೆಯ ಪಿಪೆಟ್ಟಿಗೆ ಅದು 0.03 ಮಿ.ಲೀ. ಅಷ್ಟೆ. ಅನುಮಾನವಿರುವುದು ದಶಮಾಂಶದ ಎರಡನೆಯ ಸ್ಥಾನದಲ್ಲಿ ಆದ್ದರಿಂದ ಆ ಗಾತ್ರವನ್ನು 25.00 ಎಂದೇ ಬರೆಯಬೇಕು, ಅದರಲ್ಲಿರುವುದು ನಾಲ್ಕು ಸಾರ್ಥಕ ಅಂಕಿಗಳು. 250ರ ಫ್ಲಾಸ್ಕಿನ ಮಿತಿ ಸುಮಾರು 0.15 ಮಿ.ಲೀ., ಆದ್ದರಿಂದ ಅದು 250.0. ಅದೇ 25 ಮಿ.ಲೀ. ಆಮ್ಲವನ್ನು ಯಾರಾದರೂ ಅಳತೆಯ ಸಿಲಿಂಡರಿನಲ್ಲಿ ಹಿಡಿದು ಹಾಕಿದರೆ, ಅರ್ಧ ಮಿಲಿಲೀಟರ್ ಆಚೀಚೆ ಆಗುವುದು ಸಹಜವಾದ್ದರಿಂದ, ಅಲ್ಲಿ 25 ಎಂದರೆ ಬರಿಯ 25, ಮತ್ತು ಆಗ 0.10 ಎಂಬ ಉತ್ತರವೇ ಸರಿ. ಅಂಕಿಗಳನ್ನು ಎಣಿಸುವ ಮೊದಲು ಕೈಯಲ್ಲಿ ಹಿಡಿದ ಗಾಜು ಯಾವುದು ಎಂದು ನೋಡಬೇಕು.

ಈಗ ಆಮ್ಲದ ಮೋಲಾರಿಟಿ. 1.5784ನ್ನು 126.07ರಿಂದ ಭಾಗಿಸಿದರೆ 0.01252003 ಮೋಲ್ ಆಗುತ್ತದೆ, ಅದನ್ನು 0.2500 ಲೀಟರ್‌ನಿಂದ ಭಾಗಿಸಿದರೆ 0.0500801. ದಾಖಲೆಗೆ 0.05008 M ಎಂದು ಬರೆದುಕೊಳ್ಳುತ್ತೇವೆ, ಆದರೆ ಕ್ಯಾಲ್ಕುಲೇಟರಿನಲ್ಲಿರುವ ಪೂರ್ಣ ಸಂಖ್ಯೆಯನ್ನು ಅಳಿಸುವುದಿಲ್ಲ. ಇದೇಕೆ ಎಂಬುದು ಮುಂದೆ ಬರುತ್ತದೆ.

ಈ ಆಮ್ಲದ 25.00 ಮಿ.ಲೀ.ಯನ್ನು ಕೋನಿಕಲ್ ಫ್ಲಾಸ್ಕಿಗೆ ಪಿಪೆಟ್ ಮಾಡಿ, ಎರಡು ಹನಿ ಫಿನಾಲ್ಫ್ತಲೀನ್ ಹಾಕಿ, ಬ್ಯುರೆಟ್ಟಿನಿಂದ ಸೋಡಿಯಂ ಹೈಡ್ರಾಕ್ಸೈಡನ್ನು ಇಳಿಸುತ್ತೇವೆ. ಮೊದಲು ಒಂದು ಅಂದಾಜಿನ ಟೈಟ್ರೇಷನ್, ಅದರಲ್ಲಿ ಸುಮಾರು 24.8 ಮಿ.ಲೀ. ಬಂತು. ಆಮೇಲೆ ಎಚ್ಚರದಿಂದ ಮಾಡಿದ ಮೂರು.

ಎರಡನೆಯದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬ್ಯುರೆಟ್ಟಿನ ಹಿಂದೆ ಒಂದು ಬಿಳಿ ರಟ್ಟು ಹಿಡಿದಿದ್ದೇವೆ, ಅದರ ಕೆಳಭಾಗಕ್ಕೆ ಕಪ್ಪು ಪಟ್ಟಿ ಬಳಿದಿದೆ, ಅದು ದ್ರವದ ತಗ್ಗಿನ ಅಂಚನ್ನು ಕಡುವಾಗಿ ಎತ್ತಿ ತೋರಿಸುತ್ತದೆ. ಕಣ್ಣು ಆ ಮಟ್ಟಕ್ಕೇ ಬರುವಂತೆ ಬಗ್ಗಿದ್ದೇವೆ. ಬ್ಯುರೆಟ್ಟಿನ ಅತಿ ಸಣ್ಣ ಗೆರೆ 0.1 ಮಿ.ಲೀ. ತಗ್ಗಿನ ತಳ 0.1ರ ಗೆರೆಗೂ 0.2ರ ಗೆರೆಗೂ ನಟ್ಟನಡುವೆ ನಿಂತಿದೆ, ಆದ್ದರಿಂದ ಆರಂಭದ ರೀಡಿಂಗ್ 0.15. ಈ ಕೊನೆಯ 5 ಯಾವ ಗೆರೆಯ ಮೇಲೂ ಇಲ್ಲ, ಅದು ಕಣ್ಣಿನ ಅಂದಾಜು, ಆದರೂ ಅದು ಸಾರ್ಥಕ ಅಂಕಿಯೇ. ಖಚಿತವಾಗಿ ತಿಳಿದ ಎಲ್ಲ ಅಂಕಿಗಳು ಮತ್ತು ಅಂದಾಜಿನ ಒಂದು ಅಂಕಿ, ಇವೆರಡೂ ಸೇರಿದ್ದೇ ಸಾರ್ಥಕ ಅಂಕಿಗಳ ಅರ್ಥ. ಕೊನೆಯ ಹಂತದಲ್ಲಿ ಪ್ರತಿ ಹನಿ ಬಿದ್ದಾಗಲೂ ಗುಲಾಬಿ ಬಣ್ಣ ಚಿಮ್ಮಿ ಮಾಯವಾಗುತ್ತದೆ, ಮತ್ತೊಂದು ಹನಿಗೆ ಅದು ತುಸು ಹೆಚ್ಚು ಹೊತ್ತು ಸುಳಿದಾಡುತ್ತದೆ, ಇನ್ನೊಂದು ಹನಿಗೆ ಫ್ಲಾಸ್ಕ್ ಪೂರ್ತಿ ಮಾಸಲು ಗುಲಾಬಿಯಾಗಿ ಅರ್ಧ ನಿಮಿಷ ಹಾಗೇ ನಿಲ್ಲುತ್ತದೆ. ಅದೇ ಅಂತ್ಯಬಿಂದು. ಫ್ಲಾಸ್ಕನ್ನು ಇನ್ನೂ ಕೆಲವು ನಿಮಿಷ ಅಲ್ಲಾಡಿಸುತ್ತಾ ಇಟ್ಟರೆ ಬಣ್ಣ ಮತ್ತೆ ಮಾಸುತ್ತದೆ. ಅದು ಗಾಳಿಯ ಇಂಗಾಲದ ಡೈಆಕ್ಸೈಡಿನ ಕೆಲಸ, ಅದಕ್ಕಾಗಿ ಮತ್ತೊಂದು ಹನಿ ಹಾಕಬಾರದು. ತಗ್ಗು ಈಗ ಸರಿಯಾಗಿ 24.5ರ ಗೆರೆಯ ಮೇಲಿದೆ. ಪುಸ್ತಕದಲ್ಲಿ ಬರೆಯಬೇಕಾದದ್ದು 24.50.

ಈ 24.50ರ ಸೊನ್ನೆಯನ್ನು ಬಿಡುವವರೇ ಹೆಚ್ಚು. ಗೆರೆಯ ಮೇಲೆ ನಿಂತಿದೆಯಲ್ಲ, 24.5 ಎಂದರೆ ಸಾಲದೇ ಎನ್ನುತ್ತಾರೆ. ಸಾಲದು, ಏಕೆಂದರೆ 24.5 ಎಂದು ಬರೆದವನು ಗೆರೆಗಳ ನಡುವಿನ ಜಾಗವನ್ನು ನೋಡಲೇ ಇಲ್ಲ ಎಂದು ಓದುವವನು ತಿಳಿಯುತ್ತಾನೆ. 24.50 ಎಂದು ಬರೆದವನು ನಡುವಿನ ಜಾಗವನ್ನು ನೋಡಿದ್ದಾನೆ, ಅಲ್ಲಿ ಏನೂ ಹೆಚ್ಚಿಗೆ ಇಲ್ಲ ಎಂದು ಕಂಡಿದ್ದಾನೆ. ಆ ಸೊನ್ನೆ ನೋಡಿದ್ದಕ್ಕೆ ಸಾಕ್ಷಿ. ಉತ್ತರದ ಸೊನ್ನೆ ಹುಟ್ಟುವುದು ಇಲ್ಲಿಯೇ, ಇಲ್ಲಿ ಬಿಟ್ಟುಹೋದರೆ ಕೊನೆಯಲ್ಲಿ ಅದನ್ನು ಸೇರಿಸುವ ಹಕ್ಕು ನಮಗೆ ಉಳಿಯುವುದಿಲ್ಲ.

ನಮ್ಮ ಮೂರು ರೀಡಿಂಗ್‌ಗಳು ಹೀಗಿವೆ:

```
            1        2        3
ಕೊನೆ      24.30    24.50    24.50
ಆರಂಭ       0.00     0.15     0.20
ಗಾತ್ರ      24.30    24.35    24.30   ಮಿ.ಲೀ.
```

ಕಳೆಯುವಾಗ ಎಣಿಸಬೇಕಾದದ್ದು ಸಾರ್ಥಕ ಅಂಕಿಗಳನ್ನಲ್ಲ, ದಶಮಾಂಶ ಸ್ಥಾನಗಳನ್ನು. 0.15ರಲ್ಲಿ ಇರುವುದು ಎರಡೇ ಸಾರ್ಥಕ ಅಂಕಿ, ಹಾಗೆಂದು 24.50ರಿಂದ ಅದನ್ನು ಕಳೆದ ಮೇಲೆ ಉತ್ತರವನ್ನು 24ಕ್ಕೆ ಇಳಿಸುವಂತಿಲ್ಲ. ಎರಡೂ ರೀಡಿಂಗ್‌ಗಳು ದಶಮಾಂಶದ ಎರಡನೆಯ ಸ್ಥಾನದವರೆಗೆ ತಿಳಿದಿವೆ, ವ್ಯತ್ಯಾಸವೂ ಅಷ್ಟೇ ದೂರ ತಿಳಿದಿದೆ.

ಮೂರರ ಸರಾಸರಿ ಕ್ಯಾಲ್ಕುಲೇಟರಿನಲ್ಲಿ 24.31666667 ಎಂದು ಬರುತ್ತದೆ. ವರದಿಯಲ್ಲಿ ಇದನ್ನು 24.32 ಎಂದು ಬರೆಯುತ್ತೇವೆ. ಸರಾಸರಿಗೆ ಅಂದಾಜಿನ 24.8ನ್ನೂ ಸೇರಿಸುವುದು ಪ್ರಾಮಾಣಿಕತೆ ಎಂದು ಕೆಲವರು ಭಾವಿಸುತ್ತಾರೆ. ಆದರೆ ಆ ರೀಡಿಂಗ್ ತೆಗೆದದ್ದೇ ಅಂತ್ಯಬಿಂದು ಎಲ್ಲಿದೆ ಎಂದು ಹುಡುಕುವುದಕ್ಕೆ, ಅದು ಅಳತೆಯಲ್ಲ. ಅದನ್ನು ಸೇರಿಸಿದರೆ ಸರಾಸರಿ 24.44ಕ್ಕೆ ಏರಿ, ಮೋಲಾರಿಟಿ 0.1025ಕ್ಕೆ ಇಳಿಯುತ್ತದೆ. ಒಂದು ಅವಸರದ ರೀಡಿಂಗ್ ಮೂರು ಒಳ್ಳೆಯ ರೀಡಿಂಗ್‌ಗಳನ್ನು ಎಳೆದುಕೊಂಡು ಹೋಗುತ್ತದೆ.

ಈಗ ಲೆಕ್ಕ. ಕ್ರಿಯೆ ನಡೆಯುವ ಪ್ರಮಾಣವನ್ನು ಸಮೀಕರಣ ಹೇಳುತ್ತದೆ, ಒಂದು ಮೋಲ್ ಆಕ್ಸಾಲಿಕ್ ಆಮ್ಲಕ್ಕೆ ಎರಡು ಮೋಲ್ ಸೋಡಿಯಂ ಹೈಡ್ರಾಕ್ಸೈಡ್.

```
H₂C₂O₄ + 2NaOH → Na₂C₂O₄ + 2H₂O

M(NaOH) = 2 × 0.0500801142 × 25.00 / 24.31666667
        = 0.102974875
        = 0.1030 M
```

ಇದನ್ನು ಬಾಯಿಪಾಠದ ಸೂತ್ರವಾಗಿ ನೋಡದೆ ಮೋಲ್‌ಗಳ ಎಣಿಕೆಯಾಗಿ ನೋಡಿದರೆ ತಪ್ಪಾಗುವುದು ಕಡಿಮೆ. ಫ್ಲಾಸ್ಕಿನಲ್ಲಿದ್ದ ಆಮ್ಲ 1.252 ಮಿಲಿಮೋಲ್. ಅದನ್ನು ಪೂರ್ತಿ ತಟಸ್ಥ ಮಾಡಲು ಬೇಕಾದ ಸೋಡಿಯಂ ಹೈಡ್ರಾಕ್ಸೈಡ್ ಅದರ ಎರಡರಷ್ಟು, 2.504 ಮಿಲಿಮೋಲ್. ಅಷ್ಟು 24.32 ಮಿ.ಲೀ.ಯಲ್ಲಿ ಇತ್ತು. ಭಾಗಿಸಿದರೆ ಮೋಲಾರಿಟಿ. 2ರಿಂದ ಗುಣಿಸುವುದನ್ನು ಮರೆತವರಿಗೆ 0.05149 ಬರುತ್ತದೆ. ನಾವು 4 ಗ್ರಾಂ ತೂಗಿ ಒಂದು ಲೀಟರ್ ಮಾಡಿದ್ದು ನೆನಪಿದ್ದರೆ, ಉತ್ತರ 0.1ರ ಆಸುಪಾಸಿನಲ್ಲಿರಬೇಕು ಎಂಬುದು ತಕ್ಷಣ ಹೊಳೆದು ತಪ್ಪು ಸಿಕ್ಕಿಬೀಳುತ್ತದೆ. ಹರಳಿನ ನೀರನ್ನು ಮರೆತು ಮೋಲಾರ್ ದ್ರವ್ಯರಾಶಿಯನ್ನು 90.03 ಎಂದು ಹಿಡಿದವರಿಗೆ 0.1442 ಬರುತ್ತದೆ. ಅದೂ ಹೀಗೆಯೇ ಸಿಕ್ಕಿಬೀಳುತ್ತದೆ, ಏಕೆಂದರೆ ಬೆವರುವ ಬಿಲ್ಲೆಗಳನ್ನು ತೂಗಿದರೆ ದ್ರಾವಣ ತೆಳುವಾಗಬಹುದೇ ಹೊರತು ನಲವತ್ತು ಪ್ರತಿಶತ ಗಾಢವಾಗಲು ದಾರಿಯಿಲ್ಲ.

ಗುಣಾಕಾರ ಭಾಗಾಕಾರದಲ್ಲಿ ನಿಯಮ ಬೇರೆ. ಲೆಕ್ಕದೊಳಗೆ ಹೋದ ಅಳತೆಗಳಲ್ಲಿ ಅತಿ ಕಡಿಮೆ ಸಾರ್ಥಕ ಅಂಕಿಗಳು ಯಾವುದರಲ್ಲಿವೆಯೋ ಅಷ್ಟೇ ಅಂಕಿಗಳು ಉತ್ತರದಲ್ಲೂ ಇರಬೇಕು. 1.5784ರಲ್ಲಿ ಐದು, 126.07ರಲ್ಲಿ ಐದು, 250.0ರಲ್ಲಿ ನಾಲ್ಕು, 25.00ರಲ್ಲಿ ನಾಲ್ಕು, 24.32ರಲ್ಲಿ ನಾಲ್ಕು. ಆದ್ದರಿಂದ ಉತ್ತರಕ್ಕೆ ನಾಲ್ಕು. ಸಮೀಕರಣದ 2 ಎಂಬುದು ಅಳೆದ ಸಂಖ್ಯೆಯಲ್ಲ, ಎಣಿಸಿದ ಸಂಖ್ಯೆ. ಎರಡು ಎಂದರೆ ಎರಡೇ, ಅದರಲ್ಲಿ ಹೆಚ್ಚುಕಡಿಮೆ ಇಲ್ಲ. ಸರಾಸರಿಗಾಗಿ ಭಾಗಿಸಿದ 3 ಮತ್ತು ಮಿಲಿಲೀಟರನ್ನು ಲೀಟರ್ ಮಾಡುವ 1000 ಕೂಡ ಹಾಗೆಯೇ. ಇವು ಉತ್ತರದ ಅಂಕಿಗಳನ್ನು ಕಡಿಮೆ ಮಾಡುವುದಿಲ್ಲ. ಹಾಗೆಯೇ 0.1030ರಲ್ಲಿ ಬಿಂದುವಿನ ಎಡಕ್ಕಿರುವ ಸೊನ್ನೆ ಲೆಕ್ಕಕ್ಕಿಲ್ಲ, ಅದು ಬಿಂದುವಿನ ಜಾಗ ತೋರಿಸಲು ಮಾತ್ರ ಇದೆ. 1, 0, 3, 0 ಎಂಬ ನಾಲ್ಕು ಅಂಕಿಗಳು ಸಾರ್ಥಕ.

0.102974875ನ್ನು ನಾಲ್ಕು ಅಂಕಿಗೆ ತರುವಾಗ ಒಂದು ಸೂಕ್ಷ್ಮ ನಡೆಯುತ್ತದೆ. 0.1029ರ ಮುಂದಿನ ಅಂಕಿ 7, ಆದ್ದರಿಂದ 9 ಒಂದು ಏರಿ 10 ಆಗುತ್ತದೆ, ಆ ಒಂದು ಎಡಕ್ಕೆ ದಾಟಿ 2ನ್ನು 3 ಮಾಡುತ್ತದೆ, ಹಿಂದೆ ಉಳಿಯುವುದು ಸೊನ್ನೆ. ಆ ಸೊನ್ನೆಯನ್ನು ನಮ್ಮ ಕೈ ತಾನಾಗಿಯೇ ಬಿಟ್ಟುಬಿಡುತ್ತದೆ, ಏಕೆಂದರೆ ಶಾಲೆಯ ಗಣಿತದಲ್ಲಿ 0.103 ಮತ್ತು 0.1030 ಒಂದೇ ಎಂದು ಕಲಿತಿದ್ದೇವೆ. ನಾನೂ ವಿದ್ಯಾರ್ಥಿಯಾಗಿದ್ದಾಗ ಹೀಗೆಯೇ ಬಿಟ್ಟಿದ್ದೆ. ನನಗೆ ಪಾಠ ಮಾಡಿದವರು ಪುಸ್ತಕದ ಅಂಚಿನಲ್ಲಿ “ನಿನ್ನ ಐದು ಹನಿ ಎಲ್ಲಿ ಹೋಯಿತು?” ಎಂದು ಬರೆದಿದ್ದರು. ಅದರ ಅರ್ಥ ತಿಳಿಯಲು ನನಗೆ ಒಂದು ಇಡೀ ಸಂಜೆ ಬೇಕಾಯಿತು. ಆ ಲೆಕ್ಕವನ್ನು ಈಗ ನಿಮ್ಮ ಮುಂದೆ ಇಡುತ್ತೇನೆ.

ಬ್ಯುರೆಟ್ಟಿನ ತುದಿಯಿಂದ ಬೀಳುವ ಒಂದು ಹನಿ ಸುಮಾರು 0.05 ಮಿ.ಲೀ. ಉತ್ತರ 0.103 ಎಂದು ಬರೆದಾಗ, ಕೊನೆಯ ಅಂಕಿಯಲ್ಲಿ ಒಂದು ಆಚೀಚೆ ಇರಬಹುದು ಎಂದು ಒಪ್ಪಿಕೊಂಡಂತೆ, ಅಂದರೆ 0.102 ಇದ್ದರೂ ಇರಬಹುದು, 0.104 ಇದ್ದರೂ ಇರಬಹುದು. ಇದು ಸುಮಾರು ಒಂದು ಪ್ರತಿಶತದ ಅನುಮಾನ. 24.32 ಮಿ.ಲೀ.ಯ ಒಂದು ಪ್ರತಿಶತ ಎಂದರೆ 0.24 ಮಿ.ಲೀ., ಅಂದರೆ ಐದು ಹನಿ. ಆದರೆ ನಮ್ಮ ಮೂರು ರೀಡಿಂಗ್‌ಗಳು ಒಂದೇ ಹನಿಯ ಅಂತರದಲ್ಲಿ ಹೊಂದಿಕೊಂಡಿವೆ. ಅರ್ಧ ಗಂಟೆ ಬಗ್ಗಿ ನಿಂತು, ಹನಿ ಹನಿಯಾಗಿ ಅಳೆದು, ಕೊನೆಯಲ್ಲಿ ಐದು ಹನಿ ಅಂಕೆಯಿಲ್ಲದೆ ಸುರಿದವರಂತೆ ಬರೆದರೆ, ಮಾಡಿದ ಕೆಲಸಕ್ಕೆ ನಾವೇ ಅನ್ಯಾಯ ಮಾಡಿದಂತಾಗುತ್ತದೆ.

ಇನ್ನೊಂದು ಬದಿಯಲ್ಲಿ 0.10297 ಎಂದು ಬರೆದವರನ್ನು ನೋಡಿ. ಅವರು ಒಂದೇ ಒಂದು ಅಂಕಿ ಹೆಚ್ಚು ಬರೆದಿದ್ದಾರೆ, ಆದರೆ ಹೇಳುತ್ತಿರುವುದು ಸುಮಾರು 0.01 ಪ್ರತಿಶತದಷ್ಟು ನಿಖರತೆಯನ್ನು. 24.32 ಮಿ.ಲೀ.ಯಲ್ಲಿ ಅದು 0.0024 ಮಿ.ಲೀ., ಒಂದು ಹನಿಯ ಇಪ್ಪತ್ತನೆಯ ಒಂದು ಭಾಗ. ಬ್ಯುರೆಟ್ಟಿನಿಂದ ಅಷ್ಟು ಚಿಕ್ಕ ಭಾಗವನ್ನು ಇಳಿಸುವ ಕೈ ಯಾರಿಗೂ ಇಲ್ಲ, ಅದನ್ನು ಓದುವ ಗೆರೆಯೂ ಇಲ್ಲ. ಅಡಿಕೆ ಮಂಡಿಯಲ್ಲಿ ಚೀಲ ತೂಗುವ ತಕ್ಕಡಿಯಿಂದ ಮಿಲಿಗ್ರಾಂ ಲೆಕ್ಕ ಬರೆದುಕೊಟ್ಟರೆ ಅದನ್ನು ಯಾವ ರೈತರೂ ಒಪ್ಪುವುದಿಲ್ಲ, ಹಾಗೆಯೇ ಇದು.

ಹಾಗಾದರೆ ನಾಲ್ಕು ಅಂಕಿ ಎಂಬುದು ನಿಜಕ್ಕೂ ಎಷ್ಟು ಸರಿ? ಒಂದೊಂದು ಅಳತೆಯ ಅನುಮಾನವನ್ನೂ ಪ್ರತಿಶತಕ್ಕೆ ತಂದು ನೋಡಿದರೆ ತಿಳಿಯುತ್ತದೆ. ತೂಕದ್ದು 0.01 ಪ್ರತಿಶತದ ಆಸುಪಾಸು, ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಫ್ಲಾಸ್ಕಿನದ್ದು 0.06 ಪ್ರತಿಶತ, ಪಿಪೆಟ್ಟಿನದ್ದು 0.12. ಬ್ಯುರೆಟ್ಟಿನಲ್ಲಿ ಒಂದು ಹನಿಯ ಅನುಮಾನ 0.2 ಪ್ರತಿಶತ, ಎಲ್ಲಕ್ಕಿಂತ ದೊಡ್ಡದು. ಇವನ್ನೆಲ್ಲ ಒಟ್ಟುಗೂಡಿಸಿದಾಗ ಕಾಲು ಪ್ರತಿಶತದ ಸುತ್ತಮುತ್ತ ಬರುತ್ತದೆ, ಅಂದರೆ 0.1030ರಲ್ಲಿ 0.0002ರಿಂದ 0.0003. ಅನುಮಾನ ಬಿದ್ದಿರುವುದು ಸರಿಯಾಗಿ ನಾಲ್ಕನೆಯ ದಶಮಾಂಶ ಸ್ಥಾನದಲ್ಲಿ, ಆ ಸೊನ್ನೆಯ ಮೇಲೆಯೇ. ಅದು ಖಚಿತವಲ್ಲ, ಆದರೆ ಅರ್ಥವಿಲ್ಲದ್ದೂ ಅಲ್ಲ. ಅಂಕಿ ಎಣಿಸುವ ನಿಯಮ ಸರಳವಾಗಿ ಹೇಳಿದ್ದನ್ನೇ ಈ ಲೆಕ್ಕವೂ ಹೇಳುತ್ತದೆ.

ಇನ್ನು ಕ್ಯಾಲ್ಕುಲೇಟರಿನ ಸಂಖ್ಯೆಯನ್ನು ಅಳಿಸಬಾರದು ಎಂದೆನಲ್ಲ, ಆ ವಿಷಯ. ಆಮ್ಲದ ಮೋಲ್‌ಗಳನ್ನು 0.01252 ಎಂದು ಇಟ್ಟುಕೊಳ್ಳುವ ಬದಲು ನಡುವೆಯೇ 0.0125 ಎಂದು ದುಂಡಾಗಿಸಿದರೆ, ಆಮ್ಲದ ಮೋಲಾರಿಟಿ 0.0500 ಆಗಿ, ಕೊನೆಗೆ ಸಿಗುವ ಉತ್ತರ 0.1028. ನಿಜವಾದ 0.1030ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸರಿಸುಮಾರು ಒಂದು ಹನಿಯಷ್ಟು. ಬ್ಯುರೆಟ್ಟಿನ ಮುಂದೆ ಕೈ ನಡುಗದಂತೆ ಉಳಿಸಿದ ಒಂದು ಹನಿಯನ್ನು ಪೆನ್ನಿನಿಂದ ಚೆಲ್ಲಿದಂತೆ. ದುಂಡಾಗಿಸುವುದು ಒಂದೇ ಸಲ, ಕೊನೆಯ ಸಾಲಿನಲ್ಲಿ. ನಡುವೆ ಬರೆಯಲೇಬೇಕಾದರೆ ಒಂದೆರಡು ಅಂಕಿ ಹೆಚ್ಚಿಗೆ ಇಟ್ಟುಕೊಳ್ಳಿ.

ಸಾರ್ಥಕ ಅಂಕಿಗಳು ಹೇಳಲಾಗದ ಒಂದು ಸಂಗತಿಯಿದೆ. ಮೂರು ರೀಡಿಂಗ್‌ಗಳು ಒಂದಕ್ಕೊಂದು ಎಷ್ಟು ಹತ್ತಿರವಿವೆ ಎಂಬುದನ್ನು ಅವು ತೋರಿಸಬಲ್ಲವು, ಆದರೆ ಮೂರೂ ಒಟ್ಟಿಗೆ ತಪ್ಪಿದ್ದರೆ ಅದನ್ನು ತೋರಿಸಲಾರವು. ಬ್ಯುರೆಟ್ಟಿನ ಮೂತಿಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ ಟೈಟ್ರೇಷನ್ನಿನ ನಡುವೆ ಹೊರಬಿದ್ದರೆ, ಅದರ ಜಾಗ ತುಂಬಿದ ದ್ರಾವಣವೂ ರೀಡಿಂಗ್‌ನಲ್ಲಿ ಸೇರಿ, ಗಾತ್ರ ಹೆಚ್ಚಾಗಿ ಮೋಲಾರಿಟಿ ಕಡಿಮೆ ಬರುತ್ತದೆ. ಆದರೆ ಗುಳ್ಳೆ ಒಂದು ಸಲ ಹೋದರೆ ಹೋಯಿತು, ಆದ್ದರಿಂದ ಆ ಒಂದು ರೀಡಿಂಗ್ ಮಾತ್ರ ಹೊಂದಿಕೊಳ್ಳದೆ ನಿಂತು ತಾನೇ ಗುರುತು ಹೇಳುತ್ತದೆ. ನೀರಿನಿಂದ ತೊಳೆದ ಬ್ಯುರೆಟ್ಟನ್ನು ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಜಾಲಾಡಿಸದೆ ತುಂಬಿದರೆ, ಒಳಗೋಡೆಯ ನೀರು ದ್ರಾವಣವನ್ನು ತೆಳು ಮಾಡುತ್ತದೆ. ಮತ್ತೆ ಮತ್ತೆ ತುಂಬುತ್ತಾ ಹೋದಂತೆ ಆ ನೀರು ಕಡಿಮೆಯಾಗುವುದರಿಂದ ರೀಡಿಂಗ್‌ಗಳು ಒಂದೇ ದಿಕ್ಕಿನಲ್ಲಿ ಇಳಿಯುತ್ತಾ ಹೋಗುತ್ತವೆ. 24.60, 24.45, 24.35 ಎಂಬಂಥ ಇಳಿಜಾರು ಕಂಡರೆ ಸರಾಸರಿ ಮಾಡಬೇಡಿ, ಬ್ಯುರೆಟ್ ಜಾಲಾಡಿಸಿದ್ದೇನೆಯೇ ಎಂದು ನೆನಪು ಮಾಡಿಕೊಳ್ಳಿ.

ಎಲ್ಲಕ್ಕಿಂತ ಕಷ್ಟದ ತಪ್ಪು ಕೋನಿಕಲ್ ಫ್ಲಾಸ್ಕನ್ನು ಆಮ್ಲದಿಂದಲೇ ಜಾಲಾಡಿಸುವುದು. ಪ್ರತಿ ಸಲವೂ ಗೋಡೆಗೆ ಅಂಟಿದ ಅಷ್ಟೇ ಆಮ್ಲ 25.00ರ ಜೊತೆಗೆ ಸೇರುತ್ತದೆ. ರೀಡಿಂಗ್‌ಗಳು ಸುಂದರವಾಗಿ ಹೊಂದಿಕೊಳ್ಳುತ್ತವೆ, ನಾಲ್ಕು ಅಂಕಿಯ ಉತ್ತರವೂ ಬರುತ್ತದೆ, ಆದರೆ ತಪ್ಪು. ಇದನ್ನು ಹಿಡಿಯಲು ನಾನು ಕಂಡುಕೊಂಡ ದಾರಿ, ಒಂದು ಸಲ 25.00 ಮಿ.ಲೀ.ಗೂ ಇನ್ನೊಂದು ಸಲ 10.00 ಮಿ.ಲೀ.ಗೂ ಟೈಟ್ರೇಷನ್ ಮಾಡಿ ಎರಡರಿಂದಲೂ ಮೋಲಾರಿಟಿ ಲೆಕ್ಕ ಹಾಕುವುದು. ಗೋಡೆಯ ಆಮ್ಲ ಎರಡರಲ್ಲೂ ಒಂದೇ ಪ್ರಮಾಣದಲ್ಲಿರುವುದರಿಂದ, ಕಡಿಮೆ ಗಾತ್ರದ ಮೇಲೆ ಅದರ ಪರಿಣಾಮ ಹೆಚ್ಚು. ಎರಡು ಉತ್ತರಗಳು ರೀಡಿಂಗ್‌ನ ಅನುಮಾನ ಮೀರಿ ಬೇರೆ ಬಂದು, ಚಿಕ್ಕ ಗಾತ್ರದ್ದು ಕಡಿಮೆ ಇದ್ದರೆ, ಫ್ಲಾಸ್ಕನ್ನು ಏನಿನಿಂದ ತೊಳೆದಿರಿ ಎಂದು ಕೇಳಿಕೊಳ್ಳಬೇಕು. ಕೋನಿಕಲ್ ಫ್ಲಾಸ್ಕನ್ನು ಬರಿಯ ಬಟ್ಟಿ ಇಳಿಸಿದ ನೀರಿನಿಂದ ತೊಳೆದರೆ ಸಾಕು, ಒಳಗೆ ನೀರು ಉಳಿದರೂ ಚಿಂತೆಯಿಲ್ಲ, ನೀರು ಆಮ್ಲದ ಮೋಲ್‌ಗಳನ್ನು ಹೆಚ್ಚು ಕಡಿಮೆ ಮಾಡುವುದಿಲ್ಲ.

ಉಪನ್ಯಾಸ ಮುಗಿದ ಮೇಲೆ ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಲೇಬೇಕು. “ಮೇಡಂ, ನಮ್ಮ ಕಾಲೇಜಿನಲ್ಲಿ 10 ಮಿ.ಲೀ. ಪಿಪೆಟ್ ಕೊಡುತ್ತಾರೆ. ನಮಗೆ ರೀಡಿಂಗ್ 9.75 ಬರುತ್ತದೆ, ಪಕ್ಕದ ಬ್ಯಾಚಿನ ದ್ರಾವಣ ಸ್ವಲ್ಪ ತೆಳುವಾದ್ದರಿಂದ ಅವರಿಗೆ 10.05 ಬರುತ್ತದೆ. ಅವರು ನಾಲ್ಕು ಅಂಕಿ ಬರೆಯಬಹುದು, ನಾವು ಮೂರೇ ಬರೆಯಬೇಕು. ಒಂದೇ ಬ್ಯುರೆಟ್ ಅಲ್ಲವೇ?”

ಆಕೆ ಹೇಳಿದ್ದು ನೂರಕ್ಕೆ ನೂರು ಸರಿ, ನಿಯಮದ ಮಿತಿಯನ್ನೇ ಆಕೆ ಮುಟ್ಟಿದ್ದಳು. 9.75ರಲ್ಲೂ 10.05ರಲ್ಲೂ ಒಂದು ಹನಿಯ ಅನುಮಾನ ಅರ್ಧ ಪ್ರತಿಶತವೇ. ಅಂಕಿ ಎಣಿಸುವ ನಿಯಮ ಹತ್ತರ ಗಡಿಯಲ್ಲಿ ಇದ್ದಕ್ಕಿದ್ದಂತೆ ಜಿಗಿಯುತ್ತದೆ, ಅಳತೆ ಹಾಗೆ ಜಿಗಿಯುವುದಿಲ್ಲ. 0.05008 M ಆಮ್ಲದ 10.00 ಮಿ.ಲೀ.ಗೆ 9.75 ಬಂದರೆ ಲೆಕ್ಕದಲ್ಲಿ ಸಿಗುವುದು 0.1027. ಅದರ ಅರ್ಧ ಪ್ರತಿಶತ 0.0005. ಪರೀಕ್ಷೆಯಲ್ಲಿ ಸಾರ್ಥಕ ಅಂಕಿಗಳ ನಿಯಮವನ್ನೇ ಕೇಳಿದ್ದರೆ 0.103 ಎಂದು ಬರೆಯಿರಿ. ಅನುಮಾನವನ್ನು ಪಕ್ಕದಲ್ಲೇ ತೋರಿಸಲು ಅವಕಾಶವಿದ್ದರೆ 0.1027 ± 0.0005 M ಎಂದು ಬರೆಯಿರಿ, ಅದು ಹೆಚ್ಚು ಹೇಳುತ್ತದೆ. 10.05 ಪಡೆದವರೂ ನಾಲ್ಕು ಅಂಕಿ ಬರೆದು ಸುಮ್ಮನಾಗದೆ, ಪಕ್ಕದಲ್ಲಿ ಅದೇ ± 0.0005 ಬರೆಯಬೇಕು. ಇನ್ನು ಸಾಧ್ಯವಿದ್ದರೆ ಮೇಷ್ಟರನ್ನು ಕೇಳಿ 25ರ ಪಿಪೆಟ್ ತೆಗೆಸಿಕೊಳ್ಳಿ ಎಂದೆ. ಹನಿ ಅದೇ, ಕಣ್ಣು ಅದೇ, ಆದರೆ ಅದೇ ಒಂದು ಹನಿ 24 ಮಿ.ಲೀ.ಯಲ್ಲಿ ಅರ್ಧ ಪ್ರತಿಶತದಿಂದ 0.2 ಪ್ರತಿಶತಕ್ಕೆ ಇಳಿಯುತ್ತದೆ, ಮತ್ತು 0.1030ರ ಕೊನೆಯ ಸೊನ್ನೆಯನ್ನು ಬರೆಯುವ ಹಕ್ಕು ಆಗ ಸಿಗುತ್ತದೆ.